ಗೋ–ವೆಂಟ್, ಗುಡ್–ಬೆಟರ್: ಬೇರೆ ಧಾತುವಿನಿಂದ ಬಂದ ರೂಪವನ್ನು ಪತ್ತೆ ಹಚ್ಚುವ ಸಮಗ್ರ ಮಾರ್ಗದರ್ಶಿ

ಶಾಲೆಯ ಇಂಗ್ಲಿಷ್ ವ್ಯಾಕರಣದ ಕೊನೆಯ ಪುಟಗಳಲ್ಲಿ ಮೂರು ಸಾಲಿನ ಒಂದು ಪಟ್ಟಿ ಇರುತ್ತದೆ: ಸಿಂಗ್–ಸ್ಯಾಂಗ್–ಸಂಗ್, ಥಿಂಕ್–ಥಾಟ್–ಥಾಟ್, ಗೋ–ವೆಂಟ್–ಗಾನ್. ಎಲ್ಲಕ್ಕೂ ಒಂದೇ ಹಣೆಪಟ್ಟಿ, ‘ಅನಿಯಮಿತ ಕ್ರಿಯಾಪದಗಳು’. ಬಾಯಿಪಾಠ ಮಾಡುವವರಿಗೆ ಅಷ್ಟು ಸಾಕು. ಆದರೆ ಈ ಪಟ್ಟಿಯಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಕಲೆತುಹೋಗಿವೆ. ಥಾಟ್ ಎನ್ನುವುದು ಥಿಂಕ್‌ನದೇ ರೂಪ, ಶತಮಾನಗಳ ಉಚ್ಚಾರಣೆಯಲ್ಲಿ ಸವೆದು ಗುರುತು ಸಿಗದಂತಾಗಿದೆ. ವೆಂಟ್ ಹಾಗಲ್ಲ. ಅದು ಗೋ ಧಾತುವಿನ ರೂಪ ಎಂದೂ ಆಗಿರಲಿಲ್ಲ, ಇನ್ನೊಂದು ಕ್ರಿಯಾಪದದಿಂದ ಎದ್ದು ಬಂದು ಇಲ್ಲಿ ಕುಳಿತಿದೆ. ಹೀಗೆ ಒಂದು ಪದದ ರೂಪಾವಳಿಯೊಳಗೆ ಬೇರೊಂದು ಧಾತು ಬಂದು ಜಾಗ ತುಂಬುವುದನ್ನು ಭಾಷಾವಿಜ್ಞಾನಿಗಳು ಸಪ್ಲೀಶನ್ ಎನ್ನುತ್ತಾರೆ. ಹರ್ಮನ್ ಓಸ್ಟ್‌ಹಾಫ್ ಎಂಬ ಜರ್ಮನ್ ವಿದ್ವಾಂಸ 1899ರಲ್ಲಿ, ಸಂಸ್ಕೃತವೂ ಇಂಗ್ಲಿಷೂ ಸೇರಿದ ಇಂಡೋ-ಯುರೋಪಿಯನ್ ಭಾಷೆಗಳ ಮಟ್ಟಿಗೆ ಇದನ್ನೇ ವಿಷಯವಾಗಿಟ್ಟುಕೊಂಡು ಬರೆದ ಮೇಲೆ ಇದಕ್ಕೊಂದು ನೆಲೆ ಸಿಕ್ಕಿತು.

ಕಣ್ಣಿಗೆ ಬೇರೆಯಾಗಿ ಕಂಡ ಮಾತ್ರಕ್ಕೆ ಒಂದು ರೂಪವನ್ನು ಸಪ್ಲೀಶನ್ ಎನ್ನಲಾಗದು. ಒಂದೇ ರೀತಿ ಕಂಡ ಮಾತ್ರಕ್ಕೆ ಅಲ್ಲ ಎನ್ನುವಂತೆಯೂ ಇಲ್ಲ. ತೀರ್ಮಾನಕ್ಕೆ ಬರಲು ಒಂದು ಕ್ರಮವಿದೆ. ಅದನ್ನು ವೆಂಟ್ ಪದದ ಮೇಲೆ ಪೂರ್ತಿಯಾಗಿ ನಡೆಸಿ ನೋಡೋಣ. ಆಮೇಲೆ ಗುಡ್–ಬೆಟರ್, ಸಂಸ್ಕೃತದ ಪಶ್ಯತಿ, ಕೊನೆಗೆ ನಮ್ಮ ಕನ್ನಡ.

ಹಂತ 1: ರೂಪಾವಳಿ ಬರೆದು, ಆ ಮನೆ ನಿಜವಾಗಿ ಇದೆಯೇ ನೋಡಿ

ಒಂದು ಹಾಳೆಯಲ್ಲಿ ಚೌಕಗಳನ್ನು ಎಳೆದು ಪದದ ಎಲ್ಲ ರೂಪಗಳನ್ನೂ ತುಂಬಿ. ಚೌಕಾಬಾರದಲ್ಲಿ ಕರೆಯುವ ಹಾಗೆ ಪ್ರತಿ ಚೌಕವನ್ನೂ ಮನೆ ಎನ್ನೋಣ. ವಾಕ್ ಪದಕ್ಕೆ ವಾಕ್, ವಾಕ್ಸ್, ವಾಕ್ಡ್, ವಾಕಿಂಗ್. ಗೋ ಪದಕ್ಕೆ ಗೋ, ಗೋಸ್, ವೆಂಟ್, ಗಾನ್, ಗೋಯಿಂಗ್. ವಾಕ್ಡ್ ಕುಳಿತ ಮನೆಯಲ್ಲಿ ಇಲ್ಲಿ ವೆಂಟ್ ಕುಳಿತಿದೆ. ಭಾಷೆಯ ಸಾವಿರಾರು ಕ್ರಿಯಾಪದಗಳು ತಮ್ಮದೇ ಧಾತುವಿನಿಂದ ತುಂಬುವ ಮನೆ ಅದು. ಆದ್ದರಿಂದ ಪರೀಕ್ಷೆ ಮುಂದುವರಿಸಬಹುದು.

ಈ ಹಂತವನ್ನು ಬಿಟ್ಟು ಮುಂದೆ ಹೋದವರು ಸಾಮಾನ್ಯವಾಗಿ ಒಂದೇ ತಪ್ಪು ಮಾಡುತ್ತಾರೆ. ಹಸು–ಹೋರಿ, ಅಣ್ಣ–ಅಕ್ಕ ಇಂಥ ಜೋಡಿಗಳನ್ನೆಲ್ಲ ಸಪ್ಲೀಶನ್ ಪಟ್ಟಿಗೆ ಸೇರಿಸುತ್ತಾರೆ. ಅಕ್ಕ ಎನ್ನುವುದು ಅಣ್ಣ ಪದದ ಸ್ತ್ರೀರೂಪವಲ್ಲ, ಸ್ವತಂತ್ರ ಪದ. ವ್ಯಾಕರಣ ಕಡ್ಡಾಯವಾಗಿ ಕೇಳುವ ಮನೆ ಅಲ್ಲಿಲ್ಲ. ಇದೇ ಕಾರಣಕ್ಕೆ ಗುಡ್–ಬೆಟರ್‌ನಂಥದ್ದು ಕನ್ನಡದಲ್ಲಿ ಹುಟ್ಟಲು ಅವಕಾಶವೇ ಇಲ್ಲ. ನಾವು ‘ಇದಕ್ಕಿಂತ ಅದು ಒಳ್ಳೆಯದು’ ಎನ್ನುತ್ತೇವೆ. ಹೋಲಿಕೆಯ ಕೆಲಸವನ್ನೆಲ್ಲ ‘ಇಂತ’ ಹೊತ್ತುಕೊಳ್ಳುತ್ತದೆ, ಗುಣವಾಚಕ ಇದ್ದಂತೆಯೇ ಉಳಿಯುತ್ತದೆ. ಮನೆಯೇ ಇಲ್ಲದಲ್ಲಿ ಹೊರಗಿನವರು ಬಂದು ಕೂರುವುದೆಲ್ಲಿ?

ಹಂತ 2: ಅದೇ ತಿರುವು ಇರುವ ಜೊತೆ ಪದ ಹುಡುಕಿ

ಇಡೀ ಕ್ರಮದಲ್ಲಿ ಹೆಚ್ಚು ಕೆಲಸ ಮಾಡುವ ಹಂತ ಇದು, ನಿಘಂಟಿಲ್ಲದೆಯೂ ನಡೆಯುತ್ತದೆ. ಧ್ವನಿ ಬದಲಾವಣೆ ಒಂದು ಪದವನ್ನು ಮಾತ್ರ ಆರಿಸಿ ಹಿಡಿಯುವುದಿಲ್ಲ, ಅದೇ ಸನ್ನಿವೇಶದ ಎಲ್ಲ ಪದಗಳಿಗೂ ತಟ್ಟುತ್ತದೆ. ಹಾಗಾಗಿ ಒಂದು ವಿಚಿತ್ರ ರೂಪಕ್ಕೆ ಅದೇ ಬಗೆಯ ಸಂಗಾತಿ ಸಿಕ್ಕರೆ ಅದು ಸವೆದ ರೂಪ ಎಂಬ ಅನುಮಾನ ಬಲವಾಗುತ್ತದೆ. ಥಿಂಕ್–ಥಾಟ್‌ಗೆ ಬ್ರಿಂಗ್–ಬ್ರಾಟ್ ಇದೆ. ಎರಡರಲ್ಲೂ ಹಿಂದೊಮ್ಮೆ ‘ನ್’ ಕಾರದ ಮುಂದೆ ‘ಹ್’ ಧ್ವನಿ ಬಂದು, ‘ನ್’ ಬಿದ್ದುಹೋಗಿ, ಸ್ವರ ಉದ್ದವಾಯಿತು. ಬರವಣಿಗೆಯಲ್ಲಿ ಇಂದಿಗೂ ಉಳಿದಿರುವ, ಯಾರೂ ಉಚ್ಚರಿಸದ ಜಿ-ಎಚ್ ಅಕ್ಷರಗಳು ಆ ‘ಹ್’ ಧ್ವನಿಯ ಕುರುಹು.

ಕನ್ನಡದ್ದನ್ನೇ ತೆಗೆದುಕೊಳ್ಳಿ. ಬರು, ಬಾ, ಬಂದ. ಹೊಸದಾಗಿ ಕನ್ನಡ ಕಲಿಯುವವರು ಇದನ್ನು ಕಂಡು ಕಂಗಾಲಾಗುತ್ತಾರೆ. ಆದರೆ ಪಕ್ಕದಲ್ಲೇ ತರು, ತಾ, ತಂದ ಇದೆ. ದೀರ್ಘ ಸ್ವರ ಭೂತಕಾಲದಲ್ಲಿ ಹ್ರಸ್ವವಾಗಿ ‘ಂದ’ ಸೇರುವುದಕ್ಕೆ ಬೇಯು–ಬೆಂದ, ನೋಯು–ನೊಂದ, ಮೀಯು–ಮಿಂದ ಸಾಕ್ಷಿ. ಹೋಗು–ಹೋದ–ಹೋಯಿತು ಎಂಬುದಕ್ಕೆ ಆಗು–ಆದ–ಆಯಿತು ಸರಿಜೋಡಿ. ಇವು ಯಾವುವೂ ಸಪ್ಲೀಶನ್ ಅಲ್ಲ. ಅನಿಯಮಿತ ಎನ್ನುವುದಕ್ಕೂ ಮನಸ್ಸು ಬರದಷ್ಟು ಶಿಸ್ತು ಇವುಗಳಲ್ಲಿದೆ.

ಈಗ ಗೋ–ವೆಂಟ್. ಗೋ ಥರ ಮುಗಿಯುವ ಯಾವ ಪದದ ಭೂತಕಾಲ ‘ವೆಂಟ್’ ಥರ ಇದೆ? ಸೋ, ನೋ, ಥ್ರೋ, ಗ್ರೋ ಎಲ್ಲವನ್ನೂ ಸಾಲಾಗಿ ಇಟ್ಟರೂ ಒಂದೂ ಸಿಗುವುದಿಲ್ಲ. ಆದರೆ ವೆಂಟ್ ಅನ್ನು ಮಾತ್ರ ಹಿಡಿದುಕೊಂಡು ಅದರ ಸಂಗಾತಿಗಳನ್ನು ಹುಡುಕಿದರೆ ತಟ್ಟನೆ ಸಾಲು ನಿಲ್ಲುತ್ತದೆ: ಸೆಂಟ್, ಬೆಂಟ್, ಲೆಂಟ್, ಸ್ಪೆಂಟ್. ಇವುಗಳ ವರ್ತಮಾನ ಸೆಂಡ್, ಬೆಂಡ್, ಲೆಂಡ್, ಸ್ಪೆಂಡ್. ಹಾಗಾದರೆ ವೆಂಟ್‌ನ ನಿಜವಾದ ವರ್ತಮಾನ ‘ವೆಂಡ್’ ಆಗಿರಬೇಕು. ಆ ಪದ ಇಂಗ್ಲಿಷಿನಲ್ಲಿ ಇದೆ ಕೂಡ, ಹಳೆಯ ಧಾಟಿಯ ಬರಹದಲ್ಲಿ ‘ದಾರಿ ಹಿಡಿದು ಸಾಗು’ ಎಂಬ ಅರ್ಥದಲ್ಲಿ. ಜೊತೆ ಪದದ ಹುಡುಕಾಟ ಹೀಗೆ ಎರಡು ಕೆಲಸ ಮಾಡುತ್ತದೆ. ಗೋ ಕಡೆಯಿಂದ ಹುಡುಕಿದಾಗ ಸಂಬಂಧವಿಲ್ಲ ಎಂದು ತೋರಿಸುತ್ತದೆ, ವೆಂಟ್ ಕಡೆಯಿಂದ ಹುಡುಕಿದಾಗ ಅದರ ತವರನ್ನೇ ತೋರಿಸುತ್ತದೆ. ಎರಡೂ ಕಡೆಯಿಂದ ಹುಡುಕುವುದನ್ನು ಮರೆಯಬೇಡಿ.

ಇಲ್ಲೊಂದು ಹಳ್ಳವಿದೆ. ಇಂದಿನ ಭಾಷೆಯಲ್ಲಿ ಸಂಗಾತಿ ಇಲ್ಲ ಎಂದ ಮಾತ್ರಕ್ಕೆ ತೀರ್ಪು ಕೊಡಬಾರದು. ವಾಸ್ ಮತ್ತು ವರ್ ಜೋಡಿಯನ್ನು ನೋಡಿ. ಏಕವಚನದಲ್ಲಿ ಸಕಾರ, ಬಹುವಚನದಲ್ಲಿ ರಕಾರ, ಇಂದಿನ ಇಂಗ್ಲಿಷಿನಲ್ಲಿ ಹೀಗೆ ಮಾಡುವ ಇನ್ನೊಂದು ಕ್ರಿಯಾಪದ ಇಲ್ಲ. ಹಳೆಯ ಇಂಗ್ಲಿಷಿಗೆ ಹೋದರೆ ಇವೆ. ಚೂಸ್ ಮತ್ತು ಫ್ರೀಜ್ ಪದಗಳ ಹಳೆಯ ಭೂತರೂಪಗಳಲ್ಲಿ ಏಕವಚನಕ್ಕೆ ಸಕಾರವೂ ಬಹುವಚನಕ್ಕೆ ರಕಾರವೂ ಇತ್ತು. ಉಳಿದ ಪದಗಳು ಕಾಲಕ್ರಮದಲ್ಲಿ ಒಂದೇ ಅಕ್ಷರಕ್ಕೆ ಹೊಂದಿಕೊಂಡವು, ವಾಸ್–ವರ್ ಮಾತ್ರ ಹಠ ಹಿಡಿದು ನಿಂತಿತು. ಆದ್ದರಿಂದ ಅವೆರಡೂ ಒಂದೇ ಧಾತು. ಇದಕ್ಕೆ ಎದುರಾಗಿ ಈಸ್ ಮತ್ತು ವಾಸ್ ಕಿವಿಗೆ ಅಣ್ಣತಮ್ಮಂದಿರಂತೆ ಕೇಳಿಸುತ್ತವೆ, ಎರಡೂ ಕೊನೆಯಲ್ಲಿ ಒಂದೇ ಧ್ವನಿ. ಆದರೆ ಅವು ಬೇರೆ ಬೇರೆ ಧಾತುಗಳು. ಈಸ್ ಎಂಬುದು ಸಂಸ್ಕೃತದ ‘ಅಸ್ತಿ’ಯ ಬಳಗ, ವಾಸ್ ಎಂಬುದು ‘ವಸತಿ’ಯ ಬಳಗ, ಬೀ ಎಂಬುದು ‘ಭವತಿ’ಯ ಬಳಗ. ಇರುವಿಕೆಯನ್ನು ಹೇಳುವ ಒಂದೇ ಕ್ರಿಯಾಪದದೊಳಗೆ ಮೂರು ಧಾತು! ಕಿವಿಯನ್ನು ನಂಬಿದರೆ ಎರಡೂ ಕಡೆ ಏಮಾರುತ್ತೀರಿ.

ಹಂತ 3: ಹಳೆಯ ರೂಪಗಳನ್ನು ಕಾಲಕ್ರಮದಲ್ಲಿ ಜೋಡಿಸಿ

ಈಗ ನಿರುಕ್ತಿ ಕೊಡುವ ಯಾವುದಾದರೂ ನಿಘಂಟು ತೆರೆಯಿರಿ. ಓದುವಾಗ ಒಂದು ಚಿಹ್ನೆಯ ಬಗ್ಗೆ ಎಚ್ಚರ ಬೇಕು. ರೂಪದ ಮುಂದೆ ನಕ್ಷತ್ರ ಚಿಹ್ನೆ ಇದ್ದರೆ ಅದು ಯಾವ ಬರಹದಲ್ಲೂ ಸಿಕ್ಕಿದ್ದಲ್ಲ, ವಿದ್ವಾಂಸರು ಹೋಲಿಕೆಯಿಂದ ಊಹಿಸಿ ಕಟ್ಟಿದ್ದು. ನಿಮ್ಮ ಟಿಪ್ಪಣಿಯಲ್ಲಿ ಬರಹದಲ್ಲಿ ಸಿಕ್ಕಿದ್ದನ್ನೂ ಕಟ್ಟಿದ್ದನ್ನೂ ಬೇರೆ ಬೇರೆ ಶಾಯಿಯಲ್ಲಿ ಬರೆಯುವುದು ಒಳ್ಳೆಯದು.

ಗೋ ಪದದ ಹಳೆಯ ಇಂಗ್ಲಿಷ್ ಮೂಲರೂಪ ‘ಗಾನ್’ (ಇಂದಿನ ಮೂರನೇ ಸಾಲಿನ ಗಾನ್ ಅಲ್ಲ, ಅದು ಇದರ ಕೃದಂತದಿಂದ ಬಂದದ್ದು). ಅದರ ಭೂತರೂಪ ಏನಿತ್ತು ಎಂದು ಹುಡುಕಿದರೆ ಅಚ್ಚರಿ ಕಾದಿರುತ್ತದೆ. ಅಲ್ಲಿ ‘ವೆಂಟ್’ ಇಲ್ಲ, ಗೋದಿಂದ ಹುಟ್ಟಿದ ರೂಪವೂ ಇಲ್ಲ. ಇರುವುದು ‘ಏಓಡೆ’ ಎಂಬ ಮೂರನೆಯ ಪದ. ಅಂದರೆ ವೆಂಟ್ ಬಂದು ಒಂದು ಸಲೀಸಾದ ರೂಪವನ್ನು ಓಡಿಸಿತು ಎಂಬ ಕಥೆ ಸುಳ್ಳು. ಅಲ್ಲಿ ಮೊದಲೇ ಬೇರೆ ಧಾತುವೊಂದು ಕುಳಿತಿತ್ತು. ಅದು ಸವೆದು ಮಧ್ಯಕಾಲದ ಇಂಗ್ಲಿಷಿನಲ್ಲಿ ‘ಯೆಡೆ’, ‘ಯೋಡೆ’ ಎಂದಾಯಿತು. 15ನೇ ಶತಮಾನದ ಹೊತ್ತಿಗೆ ಅದರ ಜಾಗದಲ್ಲಿ ವೆಂಟ್ ನೆಲೆಯೂರಿತು. ಉತ್ತರದಲ್ಲಿ, ಸ್ಕಾಟ್ಲೆಂಡಿನ ಕಡೆ, ಜನ ಬೇರೆ ದಾರಿ ಹಿಡಿದರು. ಗೋ ಧಾತುವಿಗೇ ಡಕಾರ ಸೇರಿಸಿ ‘ಗೇಡ್’ ಎಂದು ಹೊಸ ಭೂತರೂಪ ಮಾಡಿಕೊಂಡರು. ಒಂದೇ ತೊಂದರೆಗೆ ಎರಡು ಪ್ರದೇಶಗಳಲ್ಲಿ ಎರಡು ಪರಿಹಾರ. ಉತ್ತರದವರದ್ದು ಹೆಚ್ಚು ತರ್ಕಬದ್ಧ, ಆದರೆ ಪ್ರಮಾಣ ಭಾಷೆಯಾಗಿ ಬೆಳೆದದ್ದು ದಕ್ಷಿಣದ್ದು.

ಹಂತ 4: ಬಂದ ಪದಕ್ಕೆ ಸ್ವಂತ ಸಂಸಾರ ಇತ್ತೇ ಎಂದು ವಿಚಾರಿಸಿ

ಸಪ್ಲೀಶನ್ ಎಂದು ಗಟ್ಟಿಯಾಗಿ ಹೇಳಲು ಈ ಸಾಕ್ಷ್ಯ ಬೇಕು. ಬಂದು ಕುಳಿತ ರೂಪ ಒಮ್ಮೆ ಬೇರೆ ಪದದ ಪೂರ್ಣ ರೂಪಾವಳಿಯ ಭಾಗವಾಗಿತ್ತು ಎಂದು ತೋರಿಸಬೇಕು. ವೆಂಡ್ ವಿಷಯದಲ್ಲಿ ಅದು ಸುಲಭ. ಹಳೆಯ ಇಂಗ್ಲಿಷಿನ ‘ವೆಂಡನ್’ ಎಂದರೆ ತಿರುಗು, ತಿರುಗಿಸು. ಸುತ್ತು ಎಂಬ ಅರ್ಥದ ವೈಂಡ್ ಪದದ ಪ್ರೇರಣಾರ್ಥಕ ಅದು. ‘ಆ ಕಡೆ ತಿರುಗಿದ’ ಎಂಬುದರಿಂದ ‘ಆ ಕಡೆ ಹೊರಟ’, ಅಲ್ಲಿಂದ ‘ಹೋದ’ ಎಂಬಲ್ಲಿಗೆ ಅರ್ಥ ಜಾರಿತು. ಜರ್ಮನಿನಲ್ಲಿ ಇದೇ ಪದ ‘ವೆಂಡೆನ್’ ಇಂದಿಗೂ ತಿರುಗಿಸು ಎಂಬ ಅರ್ಥದಲ್ಲಿ ತನ್ನ ಮನೆಯಲ್ಲೇ ಇದೆ.

ಈಗ ಒಂದು ಸೂಕ್ಷ್ಮ ನೋಡಿ. ವೆಂಟ್ ಗೋ ಪದದ ಪಾಲಾದ ಮೇಲೆ ವೆಂಡ್ ಬರಿಗೈಯಾಯಿತು, ಹೊಸದಾಗಿ ‘ವೆಂಡೆಡ್’ ಎಂಬ ನಿಯಮಿತ ಭೂತರೂಪ ಹುಟ್ಟಿಸಿಕೊಂಡಿತು. ಕೊಟ್ಟ ಪದ ತನ್ನ ಖಾಲಿ ಮನೆಯನ್ನು ಹೊಸದಾಗಿ ತುಂಬಿಕೊಂಡಿದ್ದರೆ ವರ್ಗಾವಣೆ ಪೂರ್ತಿಯಾಗಿದೆ ಎಂದರ್ಥ. ಜನರ ಮನಸ್ಸಿನಲ್ಲಿ ವೆಂಟ್ ಮತ್ತು ವೆಂಡ್ ನಡುವಿನ ನಂಟು ಕಡಿದುಹೋಗಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಗುರುತು ಬೇಕಿಲ್ಲ.

ಹಂತ 5: ಸೋದರ ಭಾಷೆಗಳಲ್ಲಿ ನೋಡಿ ವಯಸ್ಸು ಕಟ್ಟಿ

ಒಂದೇ ಅಕ್ರಮ ಸೋದರ ಭಾಷೆಗಳಲ್ಲೂ ಇದ್ದರೆ ಅದು ಅವು ಬೇರೆಯಾಗುವ ಮೊದಲಿನದು, ಒಂದರಲ್ಲಿ ಮಾತ್ರ ಇದ್ದರೆ ಆಮೇಲಿನದು. ವೆಂಟ್ ಇಂಗ್ಲಿಷಿನಲ್ಲಿ ಮಾತ್ರ. ಜರ್ಮನ್ ‘ಗೇಎನ್’ ತನ್ನ ಭೂತಕಾಲಕ್ಕೆ ‘ಗಿಂಗ್’ ಎಂದು ಇನ್ನೊಂದು ಕಡೆಯಿಂದ ತಂದುಕೊಂಡಿದೆ. ಹಾಗಾಗಿ ವೆಂಟ್ ಹೊಸಬ. ಆದರೆ ಆ ಏಓಡೆ? 4ನೇ ಶತಮಾನದ ಬೈಬಲ್ ಅನುವಾದದಿಂದ ತಿಳಿದುಬರುವ ಗೋಥಿಕ್ ಭಾಷೆಯಲ್ಲಿ ಹೋಗು ಎಂಬ ಕ್ರಿಯಾಪದದ ಭೂತರೂಪ ‘ಇದ್ಯ’, ಅದು ಏಓಡೆಯ ನಂಟ. ಅಂದರೆ ಇಂಗ್ಲಿಷ್, ಜರ್ಮನ್, ಗೋಥಿಕ್ ಸೇರಿದ ಜರ್ಮಾನಿಕ್ ಭಾಷೆಗಳಲ್ಲಿ ಈ ಒಂದು ಮನೆ ಬಹಳ ಹಿಂದಿನಿಂದಲೂ ಬಾಡಿಗೆಯವರದ್ದೇ. ಬಾಡಿಗೆದಾರ ಮಾತ್ರ ಬದಲಾಗಿದ್ದಾನೆ.

ಬೆಟರ್ ವಿಷಯದಲ್ಲಿ ಉತ್ತರ ತಿರುವುಮುರುವಾಗುತ್ತದೆ. ಜರ್ಮನಿನಲ್ಲಿ ಗೂಟ್–ಬೆಸ್ಸರ್, ಗೋಥಿಕ್‌ನಲ್ಲಿ ಗೋಥ್ಸ್–ಬತಿಜ. ಎಲ್ಲ ಸೋದರರಲ್ಲೂ ಒಂದೇ ಜೋಡಿ. ಅಂದರೆ ಇಂಗ್ಲಿಷ್ ಎಂಬ ಭಾಷೆ ಹುಟ್ಟುವ ಮೊದಲೇ ಇದು ಹೀಗಿತ್ತು.

ಹಂತ 6: ಬದಲಾದದ್ದು ಯಾವ ಮನೆ ಎಂದು ನಿರ್ಧರಿಸಿ

ಹೆಚ್ಚಿನ ವಿವರಣೆಗಳು ಎಡವುವುದು ಇಲ್ಲಿ. ಮೂಲರೂಪ ಮೊದಲಿನಿಂದಲೂ ಇದ್ದದ್ದು, ಅನಿಯಮಿತ ರೂಪವೇ ಹೊರಗಿನಿಂದ ಬಂದದ್ದು ಎಂದು ನಾವು ಯೋಚಿಸದೆಯೇ ನಂಬುತ್ತೇವೆ. ಗೋ–ವೆಂಟ್‌ನಲ್ಲಿ ಅದು ನಿಜ. ಉಳಿದ ಎರಡು ಪ್ರಸಿದ್ಧ ಜೋಡಿಗಳಲ್ಲಿ ನಿಜವಲ್ಲ.

ಗುಡ್–ಬೆಟರ್–ಬೆಸ್ಟ್‌ನಲ್ಲಿ ಯಾರೂ ಯಾರನ್ನೂ ಓಡಿಸಲಿಲ್ಲ. ಬೆಟರ್‌ನ ಧಾತುವಿಗೆ ‘ಒಳ್ಳೆಯ’ ಎಂಬ ಮೂಲ ಗುಣವಾಚಕ ಜರ್ಮಾನಿಕ್‌ನಲ್ಲಿ ಎಲ್ಲೂ ಕಾಣುವುದಿಲ್ಲ. ಅದರ ನಂಟಸ್ತಿಕೆ ಉಳಿದಿರುವುದು ಹಳೆಯ ಇಂಗ್ಲಿಷಿನ ‘ಬೋಟ್’ ಎಂಬ ನಾಮಪದದಲ್ಲಿ. ಅರ್ಥ ಪರಿಹಾರ, ಸರಿಪಡಿಸುವಿಕೆ. ‘ಅದಲ್ಲದೆ ಮೇಲಾಗಿ’ ಎಂಬ ಅರ್ಥದ ‘ಟು ಬೂಟ್’ ಎಂಬ ನುಡಿಗಟ್ಟಿನ ಬೂಟ್ ಇದೇ, ಕಾಲಿಗೆ ಹಾಕುವ ಬೂಟಲ್ಲ. ಇತ್ತ ಗುಡ್‌ನ ಧಾತುವಿಗೆ ಹೋಲಿಕೆಯ ರೂಪ ಇರಲಿಲ್ಲ. ಎರಡು ಅರೆಬರೆ ಪದಗಳು ಸೇರಿ ಒಂದು ಪೂರ್ಣ ರೂಪಾವಳಿಯಾದವು. ‘ಗುಡ್ ಯಾಕೆ ಬೆಟರ್ ಆಯಿತು’ ಎಂಬ ಪ್ರಶ್ನೆಗೆ ನೇರ ಉತ್ತರ: ಆಗಲಿಲ್ಲ.

ಬ್ಯಾಡ್–ವರ್ಸ್‌ನಲ್ಲಿ ಬದಲಾದದ್ದು ತಳದ ಮನೆಯೇ. ಹಳೆಯ ಇಂಗ್ಲಿಷಿನಲ್ಲಿ ಕೆಟ್ಟ ಎಂಬುದಕ್ಕೆ ಇದ್ದ ಪದ ಇಂದಿನ ‘ಈವಿಲ್’ನ ಪೂರ್ವಜ, ಅದರ ಹೋಲಿಕೆ ರೂಪವೇ ವರ್ಸ್‌ನ ಪೂರ್ವಜ. ಅಲ್ಲೂ ಧಾತು ಬೇರೆಯೇ. ಬ್ಯಾಡ್ ಎಂಬ ಪದ ಬಳಕೆಗೆ ಬಂದದ್ದು ಮಧ್ಯಕಾಲದ ಇಂಗ್ಲಿಷಿನಲ್ಲಿ. ಅದು ನಿಧಾನವಾಗಿ ಈವಿಲ್ ಅನ್ನು ದಿನಬಳಕೆಯಿಂದ ಸರಿಸಿ, ಅದರ ಪಕ್ಕದಲ್ಲಿದ್ದ ವರ್ಸ್–ವರ್ಸ್ಟ್ ಅನ್ನು ಆಸ್ತಿಯ ಜೊತೆ ಬಂದ ಒಕ್ಕಲಿನಂತೆ ಪಡೆಯಿತು. ನಡುವೆ ಒಂದಷ್ಟು ಕಾಲ ‘ಬ್ಯಾಡರ್’ ಎಂಬ ನಿಯಮಿತ ರೂಪವೂ ಓಡಾಡುತ್ತಿತ್ತು, 14ನೇ ಶತಮಾನದ ಕವಿ ಚಾಸರ್ ಅದನ್ನು ಬಳಸಿದ್ದಾನೆ. ಕೊನೆಗೆ ಗೆದ್ದದ್ದು ಹಳೆಯ ವರ್ಸ್.

ಗುಣವಾಚಕಗಳ ಮೇಲೆ ಕೆಲಸ ಮಾಡುವವರಿಗೆ ಒಂದು ತಾಳೆ ನೋಡುವ ಸೂತ್ರವಿದೆ. ಭಾಷಾವಿಜ್ಞಾನಿ ಜೊನಾಥನ್ ಬೊಬಾಲ್ಯಿಕ್ 300ಕ್ಕೂ ಹೆಚ್ಚು ಭಾಷೆಗಳ ಮಾಹಿತಿ ನೋಡಿ 2012ರಲ್ಲಿ ಹೇಳಿದ್ದು: ಹೋಲಿಕೆ ರೂಪದಲ್ಲಿ ಬೇರೆ ಧಾತು ಬಂದರೆ, ಅತ್ಯುತ್ಕೃಷ್ಟ ರೂಪ ಮತ್ತೆ ಮೂಲ ಧಾತುವಿಗೆ ಮರಳುವುದಿಲ್ಲ. ಗುಡ್–ಬೆಟರ್–ಬೆಸ್ಟ್ ಸರಿ. ಮೂರೂ ಬೇರೆಯಾದ ಲ್ಯಾಟಿನಿನ ಬೋನುಸ್–ಮೆಲಿಯೋರ್–ಒಪ್ಟಿಮುಸ್ ಕೂಡ ಸರಿ. ಗುಡ್–ಬೆಟರ್–ಗುಡೆಸ್ಟ್ ಎಂಬ ಮಾದರಿ ಕಾಣುವುದಿಲ್ಲ. ನಿಮ್ಮ ವಿಶ್ಲೇಷಣೆ ಅಂಥ ಒಂದು ಮಾದರಿಯನ್ನು ಕೊಟ್ಟರೆ, ಹೊಸದೇನೋ ಸಿಕ್ಕಿತು ಎಂದು ಹಿಗ್ಗುವ ಮೊದಲು ಹಂತ 2 ಮತ್ತು 3ನ್ನು ಇನ್ನೊಮ್ಮೆ ಮಾಡಿ.

ಸಂಸ್ಕೃತದಲ್ಲಿ ಒಂದು ಪೂರ್ಣ ಪರೀಕ್ಷೆ: ದೃಶ್ ಮತ್ತು ಪಶ್ಯತಿ

ಕನ್ನಡ ಓದುಗರಿಗೆ ಕೈಗೆಟಕುವ ಉದಾಹರಣೆ ಇದು. ನೋಡು ಎಂಬ ಕ್ರಿಯೆಗೆ ವರ್ತಮಾನ ಪಶ್ಯತಿ, ಭೂತ ದದರ್ಶ, ಭವಿಷ್ಯ ದ್ರಕ್ಷ್ಯತಿ, ಕೃದಂತ ದೃಷ್ಟ. ಪಾಣಿನಿ ಇದನ್ನು ಆದೇಶ ಎಂಬ ಉಪಾಯದಿಂದ ನಿಭಾಯಿಸುತ್ತಾನೆ: ಇಂಥ ಪ್ರತ್ಯಯದ ಮುಂದೆ ದೃಶ್ ಇದ್ದಲ್ಲಿ ಪಶ್ಯ ಎಂದಿಡು. ಅಷ್ಟಾಧ್ಯಾಯಿಯ 7.3.78ನೇ ಸೂತ್ರದಲ್ಲಿ ಇಂಥ ಹನ್ನೊಂದು ಧಾತುಗಳ ಸಾಲೇ ಇದೆ: ಪಾ ಜಾಗಕ್ಕೆ ಪಿಬ, ಸ್ಥಾ ಜಾಗಕ್ಕೆ ತಿಷ್ಠ, ದೃಶ್ ಜಾಗಕ್ಕೆ ಪಶ್ಯ ಹೀಗೆ.

ಸೂತ್ರಕ್ಕೆ ಇವೆಲ್ಲ ಒಂದೇ. ಇತಿಹಾಸಕ್ಕೆ ಒಂದಲ್ಲ. ಪಿಬ ಮತ್ತು ತಿಷ್ಠ ಪರಸ್ಪರ ಸಂಗಾತಿಗಳು, ಎರಡರಲ್ಲೂ ಧಾತುವಿನ ಒಂದು ವ್ಯಂಜನ ಇಕಾರದೊಂದಿಗೆ ದ್ವಿತ್ವಗೊಂಡಿದೆ. ಆದ್ದರಿಂದ ಅವು ಸ್ವಂತ ಧಾತುವಿನ ರೂಪಗಳೇ. ಅದರ ಹಿಂದಿನ ಸೂತ್ರದಲ್ಲಿ ಬರುವ ಗಮ್–ಗಚ್ಛತಿಯೂ ಹಾಗೇ. ಇಷ್–ಇಚ್ಛತಿ, ಯಮ್–ಯಚ್ಛತಿ ಅದರ ಪಕ್ಕದಲ್ಲೇ ನಿಂತಿವೆ. ಗಚ್ಛತಿ–ಗತ ಎಷ್ಟೇ ದೂರ ಕಂಡರೂ ಸಪ್ಲೀಶನ್ ಅಲ್ಲ.

ಪಶ್ಯತಿಗೆ ಅಂಥ ಸಂಗಾತಿ ಇಲ್ಲ. ದಕಾರ ಪಕಾರವಾಗುವ ದಾರಿ ಸಂಸ್ಕೃತದಲ್ಲಿಲ್ಲ. ಹಂತ 4ಕ್ಕೆ ಬನ್ನಿ: ಪಶ್ಯತಿಗೆ ತವರು ಇದೆಯೇ? ಇದೆ. ಸ್ಪಶ್ ಎಂಬ ಧಾತು. ಅರ್ಥಶಾಸ್ತ್ರ, ಕಾವ್ಯಗಳಲ್ಲಿ ಬರುವ ‘ಸ್ಪಶ’ ಎಂದರೆ ಗೂಢಚಾರ, ಕಣ್ಣಿಟ್ಟು ನೋಡುವವನು. ನಾವು ದಿನವೂ ಬಳಸುವ ‘ಸ್ಪಷ್ಟ’ ಅದರದೇ ಕೃದಂತ, ಕಣ್ಣಿಗೆ ಕಂಡದ್ದು. ಹಂತ 5: ಸಂಸ್ಕೃತದ ಸೋದರ, ಪ್ರಾಚೀನ ಇರಾನಿನ ಭಾಷೆಯಾದ ಅವೆಸ್ತಾದಲ್ಲಿ ಇದೇ ಕ್ರಿಯಾಪದ ಮೊದಲ ಸಕಾರದ ಸಮೇತ ಉಳಿದಿದೆ. ಹಂತ 6: ದೃಶ್ ಧಾತುವಿಗೆ ‘ದರ್ಶತಿ’ ಎಂಬ ವರ್ತಮಾನ ವೇದದಲ್ಲೂ ಇಲ್ಲ. ಹಾಗಾಗಿ ಇದು ವೆಂಟ್ ಮಾದರಿಯಲ್ಲ, ಬೆಟರ್ ಮಾದರಿ. ಒಂದರಲ್ಲಿ ಇಲ್ಲದ್ದನ್ನು ಇನ್ನೊಂದು ತುಂಬಿದೆ.

ಇದೇ ಬೆಳಕಿನಲ್ಲಿ ಹವಾಮಾನ ವರದಿಯ ‘ಗರಿಷ್ಠ, ಕನಿಷ್ಠ ತಾಪಮಾನ’ವನ್ನು ನೋಡಿ. ಗರಿಷ್ಠ ಎಂಬುದು ಗುರು ಪದದ ಅತ್ಯುತ್ಕೃಷ್ಟ ರೂಪ, ಧಾತು ಒಂದೇ. ಕನಿಷ್ಠಕ್ಕೆ ಪಾಣಿನಿ ಯುವ ಮತ್ತು ಅಲ್ಪ ಎಂಬ ಪದಗಳನ್ನು ತಳವಾಗಿ ಹೇಳುತ್ತಾನೆ, ‘ಕನ್’ ಅವುಗಳ ಜಾಗದಲ್ಲಿ ಬರುವ ಆದೇಶ. ಅದರ ನಿಜವಾದ ನಂಟು ಕನ್ಯಾ ಪದದ ಜೊತೆ. ಒಂದೇ ವಾಕ್ಯದಲ್ಲಿ ಕೈಹಿಡಿದು ಬರುವ ಜೋಡಿಯಲ್ಲಿ ಒಂದು ಸಪ್ಲೀಶನ್, ಇನ್ನೊಂದು ಅಲ್ಲ.

ಇವು ಯಾಕೆ ಸರಿಹೋಗುವುದಿಲ್ಲ

ಇಂಗ್ಲಿಷ್ ಮಾತಾಡುವ ಮಕ್ಕಳು ಒಂದು ವಯಸ್ಸಿನಲ್ಲಿ ‘ಗೋಡ್’ ಎನ್ನುತ್ತಾರೆ, ‘ವೆಂಟೆಡ್’ ಎಂದೂ ಹೇಳುತ್ತಾರೆ. ನಿಯಮ ಅವರಿಗೆ ಗೊತ್ತು. ಆದರೆ ಸುತ್ತ ಎಲ್ಲರೂ ದಿನಕ್ಕೆ ಅದೆಷ್ಟೋ ಸಲ ವೆಂಟ್ ಎನ್ನುತ್ತಿರುವಾಗ, ಆ ಸಿದ್ಧರೂಪ ನೆನಪಿನಲ್ಲಿ ಗಟ್ಟಿಯಾಗಿ ಕೂತು ನಿಯಮಕ್ಕೆ ಅವಕಾಶವನ್ನೇ ಕೊಡುವುದಿಲ್ಲ. ವಿರಳವಾಗಿ ಬಳಸುವ ಪದಕ್ಕೆ ಈ ರಕ್ಷಣೆ ಇಲ್ಲ. ನೆನಪಾಗದಿದ್ದಾಗ ಜನ ನಿಯಮ ಹಚ್ಚುತ್ತಾರೆ, ಒಂದೆರಡು ತಲೆಮಾರಿನಲ್ಲಿ ಅದೇ ಸರಿಯಾಗುತ್ತದೆ.

ಇದನ್ನು ಎಣಿಸಿ ನೋಡಿದವರಿದ್ದಾರೆ. ನೇಚರ್ ಪತ್ರಿಕೆಯಲ್ಲಿ 2007ರಲ್ಲಿ ಬಂದ ಅಧ್ಯಯನವೊಂದು ಹಳೆಯ ಇಂಗ್ಲಿಷಿನ 177 ಅನಿಯಮಿತ ಕ್ರಿಯಾಪದಗಳನ್ನು ಹಿಂಬಾಲಿಸಿತು. ಮಧ್ಯಕಾಲದ ಇಂಗ್ಲಿಷಿಗೆ ಬರುವಾಗ ಅವುಗಳಲ್ಲಿ 145 ಅನಿಯಮಿತವಾಗಿ ಉಳಿದಿದ್ದವು, ಇಂದು 98. ಬಳಕೆ 100 ಪಟ್ಟು ಕಡಿಮೆಯಾದರೆ ನಿಯಮಕ್ಕೆ ಬಗ್ಗುವ ವೇಗ 10 ಪಟ್ಟು ಹೆಚ್ಚುತ್ತದೆ ಎಂಬುದು ಅದರ ಲೆಕ್ಕ. ಆದರೆ ಈ ಲೆಕ್ಕವನ್ನು ಎಳೆದಾಡಬಾರದು. ಅದು ಒಂದು ಭಾಷೆಯ ಕ್ರಿಯಾಪದಗಳದ್ದು, ಸಪ್ಲೀಶನ್ ಮಾತ್ರವಲ್ಲದೆ ಸಿಂಗ್–ಸ್ಯಾಂಗ್‌ನಂಥವೂ ಅದರಲ್ಲಿವೆ. ಅಲ್ಲದೆ ಹೆಚ್ಚು ಬಳಕೆ ಎಂಬುದು ಸಪ್ಲೀಶನ್ ಉಳಿಯಲು ಕಾರಣ ಹೇಳುತ್ತದೆ, ಹುಟ್ಟಲು ಅಲ್ಲ. ಹುಟ್ಟಬೇಕಾದರೆ ಅರ್ಥದಲ್ಲಿ ಹತ್ತಿರವಾದ ಇನ್ನೊಂದು ಪದ ಪಕ್ಕದಲ್ಲಿರಬೇಕು, ಮತ್ತು ತುಂಬಬೇಕಾದ ಮನೆ ಖಾಲಿಯಾಗಿಯೋ ಏಓಡೆಯಂತೆ ಸೊರಗಿಯೋ ಇರಬೇಕು.

ಕನ್ನಡದಲ್ಲಿ ಎಲ್ಲಿ ಹುಡುಕಬೇಕು

ಕ್ರಿಯಾಪದಗಳ ಭೂತಕಾಲದಲ್ಲಿ ಹುಡುಕಿದರೆ ಕೈಗೆ ಹೆಚ್ಚೇನೂ ಸಿಗುವುದಿಲ್ಲ, ಬಂದ–ತಂದ ಅದನ್ನು ಆಗಲೇ ತೋರಿಸಿದೆ. ಎರಡು ಕಡೆ ಸಿಗುತ್ತದೆ.

ಮೊದಲನೆಯದು ನಿಷೇಧ. ಬರುತ್ತಾನೆ–ಬರುವುದಿಲ್ಲ, ತಿನ್ನುತ್ತಾನೆ–ತಿನ್ನುವುದಿಲ್ಲ: ಧಾತು ಉಳಿದುಕೊಂಡು ‘ಇಲ್ಲ’ ಸೇರುತ್ತದೆ. ‘ಅವನು ಮನೆಯಲ್ಲಿ ಇದ್ದಾನೆ’ ಎಂಬುದಕ್ಕೆ ಮಾತ್ರ ‘ಅವನು ಮನೆಯಲ್ಲಿ ಇಲ್ಲ’. ಇರು ಧಾತು ಪೂರ್ತಿ ಮಾಯವಾಗಿ ಇಲ್ ಎಂಬ ಬೇರೆ ಧಾತು ಆ ಮನೆಯಲ್ಲಿ ಕೂತಿದೆ. ನಿಯಮದ ಪ್ರಕಾರ ಬರಬೇಕಾದ ‘ಇರುವುದಿಲ್ಲ’ ಇದೆ, ಆದರೆ ಅದರ ಕೆಲಸ ಬೇರೆ. ‘ಭಾನುವಾರ ಅವನು ಮನೆಯಲ್ಲಿ ಇರುವುದಿಲ್ಲ’ ಎಂದರೆ ರೂಢಿ ಅಥವಾ ಮುಂದಿನ ಮಾತು, ಈ ಗಳಿಗೆಯದ್ದಲ್ಲ. ನಿಯಮಿತ ರೂಪ ಸಾಯದೆ ಪಕ್ಕದ ಅರ್ಥಕ್ಕೆ ಸರಿದಿದೆ. ದಕ್ಷಿಣ ಕನ್ನಡದ ಕಡೆ ‘ಉಂಟು–ಇಲ್ಲ’ ಎನ್ನುವವರಲ್ಲಿ ಎದುರುಬದುರು ಕೂತಿರುವುದು ಉಳ್ ಮತ್ತು ಇಲ್ ಎಂಬ ಧಾತುಗಳು. ‘ಉಳ್ಳವರು’ ಎಂಬ ಪದದಲ್ಲಿ ಆ ಉಳ್ ಇನ್ನೂ ಕಾಣುತ್ತದೆ.

ಎರಡನೆಯದು ಸಂಖ್ಯೆ. ಎರಡು–ಎರಡನೆಯ, ಮೂರು–ಮೂರನೆಯ, ಒಂದು–ಮೊದಲನೆಯ. ಮೊದಲು ಎಂಬುದು ಆರಂಭ ಎಂಬ ಅರ್ಥದ ಪದ, ತಮಿಳಿನ ‘ಮುದಲ್’ ಅದರ ಜೋಡಿ. ಒಂದು ಎಂಬುದರ ಜೊತೆ ಅದಕ್ಕೆ ಯಾವ ನಂಟೂ ಇಲ್ಲ. ಇಂಗ್ಲಿಷಿನ ಒನ್–ಫಸ್ಟ್ ಕೂಡ ಹೀಗೇ, ಫಸ್ಟ್ ಎಂದರೆ ಎಲ್ಲಕ್ಕಿಂತ ಮುಂದಿನದು. ಆದರೆ ಕನ್ನಡದಲ್ಲಿ ಕೆಲಸ ಪೂರ್ತಿಯಾಗಿಲ್ಲ. ‘ಒಂದನೇ ತರಗತಿ’, ‘ಒಂದನೇ ತಾರೀಖು’ ಎನ್ನುವಲ್ಲಿ ನಿಯಮಿತ ರೂಪ ಜೀವಂತವಾಗಿದೆ. ಮಗನ ವಿಷಯಕ್ಕೆ ಬಂದರೆ ‘ಮೊದಲನೇ ಮಗ’ ಎನ್ನುತ್ತೇವೆ, ‘ಒಂದನೇ ಮಗ’ ಎಂದರೆ ಕಿವಿಗೆ ಒಗ್ಗುವುದಿಲ್ಲ. ಅಂಕಿ ಹಾಕಿ ಎಣಿಸುವ ಕಡೆ ಒಂದನೇ, ಸಾಲಿನಲ್ಲಿ ಮುಂದಿರುವುದನ್ನು ಹೇಳುವ ಕಡೆ ಮೊದಲನೇ, ಹೆಚ್ಚುಕಡಿಮೆ ಹೀಗೆ ಹಂಚಿಕೆಯಾಗಿದೆ. ಇಂಥದ್ದನ್ನು ಟಿಪ್ಪಣಿ ಮಾಡುವಾಗ ‘ಸಪ್ಲೀಶನ್: ಹೌದು’ ಎಂದಷ್ಟೇ ಬರೆದರೆ ಅರ್ಧ ಸುಳ್ಳಾಗುತ್ತದೆ. ಯಾವ ನಾಮಪದದ ಮುಂದೆ ಯಾವ ರೂಪ ಎಂದು ಒಂದಷ್ಟು ಉದಾಹರಣೆ ಪಕ್ಕದಲ್ಲಿ ಇರಬೇಕು.

ದೊಡ್ಡ ಸಂಖ್ಯೆಗಳಿಗೂ ಕೈಹಾಕಿ ನೋಡಿ. ಇಂಗ್ಲಿಷಿನಲ್ಲಿ 21ಕ್ಕೆ ಟ್ವೆಂಟಿ-ಫಸ್ಟ್, ಬೇರೆ ಧಾತು ಸಮಾಸದೊಳಗೂ ನುಗ್ಗಿದೆ. ಕನ್ನಡದಲ್ಲಿ ಇಪ್ಪತ್ತೊಂದನೆಯ, ನೂರ ಒಂದನೆಯ. ಅಲ್ಲಿ ಮೊದಲು ಎಂಬುದಕ್ಕೆ ಪ್ರವೇಶವೇ ಸಿಕ್ಕಿಲ್ಲ.